ಅಜ್ಜಿ ಮೆಟ್ಟಿಲ ಮೇಲೆ, ಅಜ್ಜಿಯ ದುಡ್ಡು ಬ್ಯಾಂಕಿನಲ್ಲಿ: ಮೈಸೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ಮೈಸೂರಿನ ಅಗ್ರಹಾರದ ಹತ್ತಿರ ಸಣ್ಣ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್ಡಿನಲ್ಲಿ ಜೆರಾಕ್ಸ್ ಅಂತಿದ್ದರೂ ದಿನದ ಮುಕ್ಕಾಲು ಭಾಗ ಹೋಗುವುದು ಪೆನ್ಷನ್ ಅರ್ಜಿ, ರೇಷನ್ ಕಾರ್ಡ್, ಆಧಾರ್ ತಿದ್ದುಪಡಿ, ಆದಾಯ ಪ್ರಮಾಣ ಪತ್ರದ ಕೆಲಸದಲ್ಲೇ. ಸುತ್ತಮುತ್ತ ದೇವಸ್ಥಾನಗಳಿವೆ, ಹೋಟೆಲುಗಳಿವೆ. ಹಾಗಾಗಿ ಬೇಡುವವರೂ ಇದ್ದಾರೆ. ಅವರಲ್ಲಿ ಕೆಲವರು ನನ್ನ ಅಂಗಡಿಯ ಗಿರಾಕಿಗಳು. ಅವರ ಕಾಗದಗಳನ್ನು ನೋಡಿ ನೋಡಿ ನನಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬರೆಯಲು ಒಂದು ಕಾರಣ ಇದೆ. ಇಂದೋರ್‌ನಲ್ಲಿ 2025ರ ಜನವರಿ 1ರಿಂದ ಭಿಕ್ಷೆ ಕೊಟ್ಟವರ ಮೇಲೂ ಕೇಸು ಹಾಕುತ್ತೇವೆ ಎಂದು ಅಲ್ಲಿನ ಜಿಲ್ಲಾಡಳಿತ ಹೇಳಿತು. ಸ್ವಲ್ಪ ದಿನಕ್ಕೇ ಭೋಪಾಲ್ ಕೂಡ ಅದೇ ದಾರಿ ಹಿಡಿಯಿತು. ಸ್ವಚ್ಛತೆಯ ಪಟ್ಟಿಯಲ್ಲಿ 2016ರವರೆಗೆ ನಾವು ಮೊದಲಿದ್ದೆವು, 2017ರಿಂದ ಇಂದೋರ್ ಬಂತು. ಹಾಗಾಗಿ ಅಲ್ಲಿ ಏನು ಮಾಡಿದರೂ ನಮ್ಮಲ್ಲೂ ಮಾಡಬೇಕು ಅನ್ನುವವರು ಜಾಸ್ತಿ. ಭಿಕ್ಷಾಟನೆ ಇಲ್ಲದ ಊರು ಮಾಡಬೇಕೆಂದು ಕೇಂದ್ರ ಸರ್ಕಾರ ತನ್ನ ‘ಸ್ಮೈಲ್’ ಯೋಜನೆಯಲ್ಲಿ ಆರಿಸಿದ 30 ನಗರಗಳ ಪಟ್ಟಿಯಲ್ಲಿ ಇಂದೋರ್ ಜೊತೆ ಮೈಸೂರಿನ ಹೆಸರೂ ಇದೆ. ನನ್ನ ಅಂಗಡಿಗೆ ಬರುವವರ ಬಾಯಲ್ಲೂ ಈಗ ಇದೇ ಮಾತು: ‘ಕೊಡೋರು ಇರೋದಕ್ಕೇ ಅವರು ಕೂರೋದು. ಕೊಡೋರಿಗೆ ದಂಡ ಹಾಕಿದ್ರೆ ತಾನೇ ನಿಂತೋಗುತ್ತೆ.’

ನಿಜವಾಗಿಯೂ ನಿಲ್ಲುತ್ತದಾ? ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಅವರ ಹೆಸರು, ಊರು ಬೇಡ. ಟಿ. ನರಸೀಪುರದ ಕಡೆಯವರು. ಎಪ್ಪತ್ತು ದಾಟಿದೆ. ಗಂಡ ಇಲ್ಲ. ಗದ್ದೆಯಲ್ಲಿ ನಾಟಿ ಕೆಲಸ ಮಾಡಿಕೊಂಡಿದ್ದವರು, ಆಮೇಲೆ ಮೈಸೂರಿಗೆ ಬಂದು ಛತ್ರಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಸೊಂಟ ಹಿಡಿದ ಮೇಲೆ ಕೆಲಸ ಹೋಯಿತು. ದೇವಸ್ಥಾನದ ಮೆಟ್ಟಿಲ ಪಕ್ಕ ಕೂರಲು ಶುರು ಮಾಡಿದರು. ಒಂದು ದಿನ ಅಂಗಡಿಯ ನೆರಳಿಗೆ ಬಂದು ಕೂತಾಗ ‘ಪೆನ್ಷನ್ ಬರಲ್ವಾ ಅಜ್ಜಿ?’ ಎಂದು ಕೇಳಿದೆ.

‘ಬತ್ತಿತ್ತು ಕಣವ್ವ. ನಿಲ್ಸುಬುಟ್ರು. ಮುದುಕಿ ಸತ್ತೋಗವ್ಳೆ ಅಂದ್ಕೊಂಡ್ರೇನೋ.’

ಅವರಿಗೆ ಬರುತ್ತಿದ್ದದ್ದು ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200 ರೂಪಾಯಿ. ಅಂಚೆ ಕಚೇರಿಯ ಖಾತೆಗೆ ಬರುತ್ತಿತ್ತು. ಒಂದು ತಿಂಗಳು ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಹೋಗಿ ಕೇಳಿದಾಗಲೆಲ್ಲ ಕೌಂಟರಿನಲ್ಲಿ ‘ಬಂದಿಲ್ಲ’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆ ಖಾತೆಗೆ ಬಂದಿರಲಿಲ್ಲ. ಅಜ್ಜಿ ಕೇಳುವುದನ್ನೇ ಬಿಟ್ಟರು.

ಆದರೆ ಪೆನ್ಷನ್ ನಿಂತೇ ಇರಲಿಲ್ಲ. ಈ ಹಣ ಈಗ ಹೋಗುವುದು ಖಾತೆ ನಂಬರ್ ನೋಡಿ ಅಲ್ಲ, ಆಧಾರ್ ನಂಬರ್ ನೋಡಿ. ಒಬ್ಬರ ಹೆಸರಲ್ಲಿ ನಾಲ್ಕು ಖಾತೆ ಇದ್ದರೂ ಸರಿ, ಕೊನೆಗೆ ಯಾವ ಬ್ಯಾಂಕು ಆಧಾರ್ ಜೋಡಿಸಿತೋ ಅಲ್ಲಿಗೇ ಹಣ ಹೋಗುತ್ತದೆ. ಅಜ್ಜಿ ಯಾವುದೋ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಅಲ್ಲೊಂದು ಖಾತೆ ತೆರೆಯುವ ಕ್ಯಾಂಪ್ ನಡೆದಿತ್ತು. ಎಲ್ಲರ ಜೊತೆ ಇವರೂ ಹೆಬ್ಬೆಟ್ಟು ಒತ್ತಿ ಬಂದಿದ್ದರು. ಪಾಸ್‌ಬುಕ್ ಕೈಗೆ ಬರಲಿಲ್ಲ. ಖಾತೆ ಆಗಿದೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಅವತ್ತಿನಿಂದ ಪೆನ್ಷನ್ ಅಲ್ಲಿಗೆ ಹೋಗಿ ಬೀಳುತ್ತಿತ್ತು.

ಇದನ್ನು ಪತ್ತೆ ಮಾಡುವುದು ಕಷ್ಟವೇನಲ್ಲ. ಯಾವ ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆ ಎಂದು ಆಧಾರ್ ವೆಬ್‌ಸೈಟಿನಲ್ಲೇ ನೋಡಬಹುದು. ಆದರೆ ಅದಕ್ಕೆ ಮೊಬೈಲಿಗೆ ಬರುವ ಓಟಿಪಿ ಬೇಕು. ಅಜ್ಜಿಯ ಆಧಾರ್‌ಗೆ ಕೊಟ್ಟಿದ್ದ ನಂಬರ್ ಎಂದೋ ರೀಚಾರ್ಜ್ ಇಲ್ಲದೆ ಸತ್ತುಹೋಗಿತ್ತು. ಇನ್ನೊಂದು ದಾರಿ ಕಂದಾಯ ಇಲಾಖೆಯ ಕಂಪ್ಯೂಟರ್. ಆಧಾರ್ ನಂಬರ್ ಹಾಕಿದರೆ ಪೆನ್ಷನ್ ಚಾಲ್ತಿಯಲ್ಲಿದೆಯಾ, ಯಾವ ತಿಂಗಳು ಹಣ ಹೋಗಿದೆ, ಯಾವ ಬ್ಯಾಂಕಿಗೆ ಹೋಗಿದೆ ಎಲ್ಲವೂ ಅಲ್ಲೇ ಕಾಣುತ್ತದೆ. ಒಂದು ನಿಮಿಷದ ಕೆಲಸ. ಆದರೆ ಅಜ್ಜಿಯನ್ನು ಯಾರೂ ಆ ಪರದೆಯ ಮುಂದೆ ಕರೆದುಕೊಂಡು ಹೋಗಿರಲಿಲ್ಲ. ಒಂದು ಕಚೇರಿಯಲ್ಲಿ ‘ನಿಮ್ಮ ತಾಲ್ಲೂಕಿಗೆ ಹೋಗಿ’ ಎಂದಿದ್ದರು. ಸೊಂಟ ಹಿಡಿದ ಮುದುಕಿ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಆ ದಿನದ ಊಟವೂ ಹೋಗುತ್ತದೆ ಅಲ್ವಾ?

ಕೊನೆಗೆ ಪರಿಚಯದ ಸಿಬ್ಬಂದಿಯೊಬ್ಬರು ನೋಡಿ ಬ್ಯಾಂಕಿನ ಹೆಸರು ಹೇಳಿದರು. ಅಲ್ಲಿ ಹೋದರೆ ಖಾತೆ ತಡೆಹಿಡಿದಿದೆ, ಕೆವೈಸಿ ಮತ್ತೆ ಆಗಬೇಕು ಎಂದರು. ಅದಕ್ಕೆ ಬೆರಳು ಒತ್ತಿದರೆ ಯಂತ್ರ ತೆಗೆದುಕೊಳ್ಳಲಿಲ್ಲ. ನಾಟಿ ಹಾಕಿ, ಬೂದಿಯಲ್ಲಿ ಪಾತ್ರೆ ಉಜ್ಜಿ ಗೆರೆಗಳೇ ಸವೆದಿದ್ದವು. ನಾನು ಅವರ ಬೆರಳನ್ನು ಹಿಡಿದು ನೋಡಿದ್ದೇನೆ. ಹೆಬ್ಬೆರಳ ತುದಿ ಹಳೆಯ ಒಂದು ರೂಪಾಯಿ ನಾಣ್ಯದ ಹಾಗೆ ನುಣ್ಣಗಾಗಿತ್ತು. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು, ಕಣ್ಣು ಹೊಸದಾಗಿ ಕೊಟ್ಟು, ಹೊಸ ಮೊಬೈಲ್ ನಂಬರ್ ಸೇರಿಸಿ, ಮತ್ತೆ ಬ್ಯಾಂಕಿಗೆ ಬಂದ ಮೇಲೆ ಖಾತೆ ತೆರೆದುಕೊಂಡಿತು. ಅದರಲ್ಲಿ 16,800 ರೂಪಾಯಿ ಇತ್ತು. ಹದಿನಾಲ್ಕು ತಿಂಗಳ ಪೆನ್ಷನ್.

ಸ್ವಾಮಿ, ಈ ಹದಿನಾಲ್ಕು ತಿಂಗಳೂ ಅವರು ಮೆಟ್ಟಿಲ ಮೇಲೆ ಕೈಚಾಚಿ ಕೂತಿದ್ದರು. ಅವರ ಹೆಸರಿನ ದುಡ್ಡು ಸರ್ಕಾರ ಕೊಟ್ಟಾಗಿತ್ತು, ಲೆಕ್ಕದಲ್ಲಿ ಫಲಾನುಭವಿ ಎಂದು ಬರೆದಾಗಿತ್ತು. ಆ ಹದಿನಾಲ್ಕು ತಿಂಗಳಲ್ಲಿ ಅವರಿಗೆ ಐದು, ಹತ್ತು ಹಾಕಿದವರ ಮೇಲೆ ಕೇಸು ಹಾಕಿದ್ದರೆ ಏನಾಗುತ್ತಿತ್ತು? ಪೆನ್ಷನ್ ಸಿಗುತ್ತಿತ್ತಾ? ಅವರು ಕಣ್ಣಿಗೆ ಕಾಣದ ಇನ್ನೊಂದು ಬೀದಿಗೆ ಹೋಗುತ್ತಿದ್ದರು, ಅಷ್ಟೆ.

ಇದು ಅಪರೂಪದ ಕಥೆಯಲ್ಲ. ಊರು ಬಿಟ್ಟವರ ಪೆನ್ಷನ್ ಇನ್ನೊಂದು ರೀತಿಯಲ್ಲೂ ನಿಲ್ಲುತ್ತದೆ. ಪರಿಶೀಲನೆಗೆ ಬಂದ ಗ್ರಾಮ ಆಡಳಿತಾಧಿಕಾರಿಗೆ ಅವರು ಮನೆಯಲ್ಲಿ ಸಿಗುವುದಿಲ್ಲ, ‘ವಾಸವಿಲ್ಲ’ ಎಂದು ವರದಿ ಹೋಗುತ್ತದೆ. ಪೆನ್ಷನ್ನೇ ಮಾಡಿಸದವರಿಗಂತೂ ಮೊದಲ ಮೆಟ್ಟಿಲೇ ಆಧಾರ್. ವಿಳಾಸದ ದಾಖಲೆ ಇಲ್ಲದವರಿಗೆ ಆಧಾರ್ ಪ್ರಾಧಿಕಾರದ ನಮೂನೆಯಲ್ಲಿ ಗೆಜೆಟೆಡ್ ಅಧಿಕಾರಿ, ಶಾಸಕರು ಅಥವಾ ಕಾರ್ಪೊರೇಟರ್ ಸಹಿ ಹಾಕಿ ಕೊಟ್ಟರೆ ಸಾಕು. ಬಡವರಿಗೆ ಸುಲಭವಾಗಿ ಸಿಗುತ್ತಿದ್ದವರು ಕಾರ್ಪೊರೇಟರ್. ನಮ್ಮ ಪಾಲಿಕೆಯ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಆ ಸಹಿಗೆ ಜನ ಯಾರ ಬಾಗಿಲು ತಟ್ಟಬೇಕು? ಹರಿದ ಚೀಲ ಹಿಡಿದುಕೊಂಡವರು ಗೆಜೆಟೆಡ್ ಅಧಿಕಾರಿಯ ಕೋಣೆಯವರೆಗೆ ಹೋಗುವುದು ಎಷ್ಟು ಕಷ್ಟ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ಊರಿನವರಿಗೂ ಒಂದು ಮಾತು, ಇದು ಬಹಿರಂಗ ಪತ್ರ ತಾನೇ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಆರೋಗ್ಯ, ಗ್ರಂಥಾಲಯದ ಸೆಸ್ ಜೊತೆಗೆ ಭಿಕ್ಷುಕರ ಸೆಸ್ ಅಂತ ಒಂದಿದೆ. ಕಂದಾಯದ ಮೇಲೆ ನೂರಕ್ಕೆ ಮೂರು ರೂಪಾಯಿ. 6,000 ರೂಪಾಯಿ ಕಂದಾಯ ಕಟ್ಟುವ ಮನೆಯಿಂದ ವರ್ಷಕ್ಕೆ 180 ರೂಪಾಯಿ ಹೋಗುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲೇ ಇದನ್ನು ಹೇಳಿದೆ. ಪಾಲಿಕೆ ವಸೂಲಿ ಖರ್ಚಿಗೆ ಸ್ವಲ್ಪ ಹಿಡಿದುಕೊಂಡು ಉಳಿದದ್ದನ್ನು ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ಅಂದರೆ ‘ನಾನು ಭಿಕ್ಷೆ ಕೊಡಲ್ಲ’ ಅನ್ನುವ ಮನೆಯವರೂ ಪ್ರತಿ ವರ್ಷ ಕೊಡುತ್ತಲೇ ಇದ್ದಾರೆ. ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೆ.

ಆ ದುಡ್ಡಿನಿಂದ ನಡೆಯುವುದು ನಿರಾಶ್ರಿತರ ಪರಿಹಾರ ಕೇಂದ್ರಗಳು. ಮೈಸೂರಿನಲ್ಲೂ ಒಂದಿದೆ. ಬೇಡುವವರನ್ನು ಹಿಡಿದು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಇಂತಹ ಕೇಂದ್ರದಲ್ಲಿ ವರ್ಷಗಟ್ಟಲೆ ಇಡಲು ಆ ಕಾಯ್ದೆ ಅವಕಾಶ ಕೊಡುತ್ತದೆ. ಒಳಗೆ ಊಟ, ಬಟ್ಟೆ, ಔಷಧಿ ಕೊಡುತ್ತಾರೆ ಎಂದು ಕೇಳಿದ್ದೇನೆ, ಮನೆಯವರನ್ನು ಹುಡುಕಿ ಒಪ್ಪಿಸಿದ್ದೂ ಇದೆ. ದಾರಿ ತಪ್ಪಿ ಬಂದ, ಮನಸ್ಸಿನ ಕಾಯಿಲೆ ಇರುವವರಿಗೆ ಅದು ಜೀವ ಉಳಿಸುವ ಜಾಗ ಆಗಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಾಡಿ ಬಂದು ಹಿಡಿದುಕೊಂಡು ಹೋಗುವ ರೀತಿ ಇದೆಯಲ್ಲ, ಅದಕ್ಕೆ ಅವರು ಹೆದರುತ್ತಾರೆ. ಹಬ್ಬ ಹತ್ತಿರ ಬಂತೆಂದರೆ ‘ಗಾಡಿ ಬತ್ತದಂತೆ’ ಎಂದು ಮೆಟ್ಟಿಲ ಮೇಲಿನವರೆಲ್ಲ ಚೆದುರಿಹೋಗುವುದನ್ನು ಕಂಡಿದ್ದೇನೆ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಸುದ್ದಿ ಈ ಬೀದಿಗಳಲ್ಲಿ ಇನ್ನೂ ಮರೆತಿಲ್ಲ. ಭಿಕ್ಷೆ ನಿಲ್ಲಿಸಿ ಎಂಬ ಅರ್ಜಿ ಬಂದಾಗ ಸುಪ್ರೀಂ ಕೋರ್ಟ್ 2021ರಲ್ಲಿ, ಬೇರೆ ದಾರಿ ಇಲ್ಲದೆ ಬೀದಿಗೆ ಬಂದವರ ವಿಷಯದಲ್ಲಿ ಹಾಗೆ ಆದೇಶ ಕೊಡುವುದಿಲ್ಲ ಎಂದಿತು. ಭಿಕ್ಷುಕರ ಕೇಂದ್ರಗಳು ಜೈಲಿನಂತೆ ಇರಬಾರದು ಎಂದು 2025ರಲ್ಲಿ ಮತ್ತೆ ಹೇಳಿತು. ಇವೆಲ್ಲ ನಿಮಗೆ ಗೊತ್ತಿರುವುದೇ.

ಹಾಗಾದರೆ ಬೀದಿಯಲ್ಲಿ ಕೈಚಾಚಿದವರಿಗೆ ಕೊಡಬೇಕಾ, ಬೇಡವಾ? ಪಕ್ಕದ ಹೂವಿನ ಅಂಗಡಿಯಣ್ಣನಿಗೂ ನನಗೂ ಇದರ ಬಗ್ಗೆ ಯಾವಾಗಲೂ ವಾದ. ‘ಕೊಟ್ರೆ ಅಭ್ಯಾಸ ಆಗೋಗುತ್ತೆ ಅಕ್ಕ’ ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಜನ ಜಾಸ್ತಿ ಕೊಡುತ್ತಾರೆ ಎಂದೇ ಬೇರೆ ಊರಿಂದ ಬರುವವರು ಇದ್ದಾರೆ. ಸಿಕ್ಕಿದ್ದನ್ನು ಸಂಜೆಗೆ ಕುಡಿಯುವವರೂ ಇದ್ದಾರೆ. ಹಾಗಂತ ಸೊಂಟ ಹಿಡಿದ ಅಜ್ಜಿಗೆ ಹತ್ತು ರೂಪಾಯಿ ಕೊಡಬಾರದಾ? ಹತ್ತು ರೂಪಾಯಿಗೆ ಇಂದಿರಾ ಕ್ಯಾಂಟೀನಿನಲ್ಲಿ ಒಂದು ಊಟ ಬರುತ್ತದೆ. ವಯಸ್ಸಾದವರಿಗೆ, ಕೈಕಾಲು ಆಗದವರಿಗೆ ನಾನು ಕೊಡುತ್ತೇನೆ, ಅದನ್ನು ಏನು ಮಾಡಿದಿರಿ ಎಂದು ಕೇಳುವುದಿಲ್ಲ. ನನ್ನ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಂಡು ಹೋದ ಬೇರೆ ಗಿರಾಕಿಯನ್ನು ಹಾಗೆ ಕೇಳುತ್ತೇನಾ? ಕೊಡುವಾಗ ಮಾತ್ರ ಒಂದು ನಿಮಿಷ ನಿಂತು, ಮುಖ ನೋಡಿ ಮಾತಾಡಬೇಕು. ನಮ್ಮ ಕಡೆ ಮಾದಪ್ಪನ ಗುಡ್ಡರು ಕಂಸಾಳೆ ಹಿಡಿದು ಬಾಗಿಲಿಗೆ ಬಂದರೆ ಅವ್ವ ಮೊರದಲ್ಲಿ ಅಕ್ಕಿ ತಂದು ಹಾಕಿ, ಯಾವ ಊರು, ಮಳೆ ಹೇಗಿದೆ ಎಂದು ಕೇಳಿಯೇ ಕಳಿಸುತ್ತಿದ್ದಳು. ಬೇಡಲು ಬಂದವರು ಅಲ್ಲಿ ತಲೆ ತಗ್ಗಿಸಿ ನಿಲ್ಲಬೇಕಿರಲಿಲ್ಲ. ನಾವು ಈಗ ಗಾಡಿಯ ಕಿಟಕಿಯಿಂದ ನಾಣ್ಯ ಎಸೆದು ಮುಂದೆ ಹೋಗುತ್ತೇವೆ.

ಕೇಳುವ ಪ್ರಶ್ನೆ ಸಣ್ಣದು. ‘ಪೆನ್ಷನ್ ಬರ್ತಿದ್ಯಾ? ಆಧಾರ್ ಕಾರ್ಡ್ ಇದ್ಯಾ?’ ಇದೆ ಎಂದರೆ ನಿಮ್ಮ ಮನೆ ಹತ್ತಿರದ ನಾಡಕಚೇರಿಗೋ ನನ್ನಂತಹ ಅಂಗಡಿಗೋ ಕರೆದುಕೊಂಡು ಹೋಗಿ. ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ನಿಂತರೆ ಕೌಂಟರಿನಲ್ಲಿ ಮಾತಾಡಿಸುವ ದನಿಯೇ ಬೇರೆಯಾಗುತ್ತದೆ. ಬೇಜಾರಿನ ಸಂಗತಿ, ಆದರೆ ನಿಜ.

ಮಕ್ಕಳ ವಿಷಯದಲ್ಲಿ ನಾನು ಹೂವಿನ ಅಂಗಡಿಯಣ್ಣನ ಜೊತೆಗೇ ಇದ್ದೇನೆ. ಸಿಗ್ನಲ್‌ನಲ್ಲಿ ಕಾರಿನ ಗಾಜು ತಟ್ಟುವ ಮಗುವಿಗೆ ದುಡ್ಡು ಕೊಡಬೇಡಿ. ಆ ದುಡ್ಡು ಮಗುವಿನ ಹತ್ತಿರ ಉಳಿಯುವುದಿಲ್ಲ, ರಸ್ತೆಯ ಆಚೆ ಕೂತವರ ಕೈಗೆ ಹೋಗುತ್ತದೆ. ಮಗು ಜಾಸ್ತಿ ದುಡಿದಷ್ಟೂ ಅದನ್ನು ಶಾಲೆಗೆ ಬಿಡುವುದು ಕಷ್ಟವಾಗುತ್ತದೆ. ಮಕ್ಕಳನ್ನು ಭಿಕ್ಷೆಗೆ ಹಚ್ಚಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲಿದೆ. 1098ಕ್ಕೆ ಫೋನ್ ಮಾಡಿ, ಸರ್ಕಲ್ ಹೆಸರು, ಪಕ್ಕದ ಅಂಗಡಿ ಹೆಸರು, ಎಷ್ಟು ಮಕ್ಕಳು, ಯಾವ ಹೊತ್ತಿಗೆ ಬರುತ್ತಾರೆ ಎಂದು ಹೇಳಿ. ನೀವೇ ಹೋಗಿ ಆ ದೊಡ್ಡವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಏಟು ಬೀಳುವುದು ಮಗುವಿಗೆ.

ಮತ್ತೆ ಅಜ್ಜಿಯ ಲೆಕ್ಕಕ್ಕೆ ಬರುತ್ತೇನೆ, ಯಾಕೆಂದರೆ ಪೆನ್ಷನ್ ಸಿಕ್ಕಿದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ತಿಂಗಳಿಗೆ 1,200 ಅಂದರೆ ದಿನಕ್ಕೆ ನಲವತ್ತು ರೂಪಾಯಿ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ ಐದು, ಎರಡು ಊಟಕ್ಕೆ ಇಪ್ಪತ್ತು. ದಿನಕ್ಕೆ ಇಪ್ಪತ್ತೈದು, ತಿಂಗಳಿಗೆ 750. ಉಳಿಯುವುದು 450. ಮಾತ್ರೆ, ಸೋಪು, ಎಲೆ ಅಡಿಕೆ, ಊರಿಗೊಮ್ಮೆ ಹೋದರೆ ಮೊಮ್ಮಕ್ಕಳಿಗೊಂದು ಬಿಸ್ಕತ್ತು. ಅಂದರೆ ಹೊಟ್ಟೆಗೆ ಸಾಕು, ತಲೆ ಮೇಲಿನ ಸೂರಿಗೆ ಸಾಲುವುದಿಲ್ಲ. ಅಜ್ಜಿ ಈಗಲೂ ಮಂಗಳವಾರ, ಶುಕ್ರವಾರ ಮೆಟ್ಟಿಲ ಹತ್ತಿರ ಬರುತ್ತಾರೆ. ಉಳಿದ ದಿನ ಬರುವುದಿಲ್ಲ. ವಾರದಲ್ಲಿ ಏಳು ದಿನ ಕೂರುತ್ತಿದ್ದವರು ಎರಡು ದಿನಕ್ಕೆ ಇಳಿದದ್ದು ಯಾವ ದಂಡದಿಂದಲೂ ಅಲ್ಲ. ಅವರ ದುಡ್ಡು ಅವರಿಗೆ ಸಿಕ್ಕಿದ್ದರಿಂದ. ಆ ಎರಡು ದಿನವೂ ನಿಲ್ಲಬೇಕಾದರೆ ಮಲಗಲು ಒಂದು ಜಾಗ ಬೇಕು.

ಇಷ್ಟು ಹೇಳಿ ನನ್ನ ಮನವಿಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಎಲ್ಲಕ್ಕಿಂತ ಮೊದಲು, ಹಿಡಿಯುವ ಗಾಡಿಗೆ ಮುಂಚೆ ಒಂದು ಮೇಜು ಕಳಿಸಿ. ತಿಂಗಳಿಗೊಂದು ದಿನ ಸಾಕು. ಅಗ್ರಹಾರ, ಸಬರ್ಬನ್ ಬಸ್ ನಿಲ್ದಾಣ, ಚಾಮುಂಡಿ ಬೆಟ್ಟ, ನಂಜನಗೂಡು ದೇವಸ್ಥಾನ, ಹೀಗೆ ಸರದಿಯಲ್ಲಿ. ಆ ಮೇಜಿನ ಹಿಂದೆ ಪೆನ್ಷನ್ ಪರದೆ ನೋಡಬಲ್ಲ ಕಂದಾಯದವರು ಒಬ್ಬರು, ಆಧಾರ್ ಕಿಟ್ ಇರುವವರು ಒಬ್ಬರು, ಬ್ಯಾಂಕಿನವರು ಅಥವಾ ಅಂಚೆಯವರು ಒಬ್ಬರು ಕೂರಲಿ. ಮೂವರೂ ಒಂದೇ ದಿನ, ಒಂದೇ ಜಾಗದಲ್ಲಿ ಇರಬೇಕು. ಅಜ್ಜಿಯ ಕೆಲಸ ತಡವಾದದ್ದು ಈ ಮೂರೂ ಮೂರು ಕಡೆ ಇದ್ದದ್ದಕ್ಕೆ. ಬೇರೆ ತಾಲ್ಲೂಕಿನವರನ್ನು ವಾಪಸ್ ಕಳಿಸಬಾರದು ಎಂದು ಬರೆದೇ ಆದೇಶ ಕೊಡಿ. ಆ ತಾಲ್ಲೂಕಿನ ತಹಸೀಲ್ದಾರರಿಗೆ ಕಡತ ಹೋಗಲಿ, ಮುದುಕಿ ಹೋಗುವುದು ಬೇಡ. ವಿಳಾಸ ಇಲ್ಲದವರ ಆಧಾರ್ ನಮೂನೆಗೆ ಸಹಿ ಹಾಕಲು ಒಬ್ಬ ಗೆಜೆಟೆಡ್ ಅಧಿಕಾರಿಯನ್ನು ಹೆಸರಿಸಿ, ಅವರು ಆ ದಿನ ಅಲ್ಲೇ ಇರಲಿ. ಊರಲ್ಲಿ ಸಿಗಲಿಲ್ಲ ಎಂದು ಪೆನ್ಷನ್ ನಿಲ್ಲಿಸುವ ಮುಂಚೆ ಈ ಕ್ಯಾಂಪಿನ ಪಟ್ಟಿ ನೋಡುವಂತೆ ಹೇಳಿ.

ಸೆಸ್ಸಿನ ಲೆಕ್ಕ ಜನರಿಗೆ ಕೊಡಿಸಿ. ಮೈಸೂರಿನಲ್ಲಿ ಹೋದ ವರ್ಷ ಎಷ್ಟು ವಸೂಲಾಯಿತು, ಎಷ್ಟನ್ನು ಸಮಿತಿಗೆ ಕಟ್ಟಿದರು, ಕೇಂದ್ರಕ್ಕೆ ಎಷ್ಟು ಜನ ಬಂದರು, ಎಷ್ಟು ಜನ ಮನೆ ಸೇರಿದರು, ಎಷ್ಟು ಜನ ಕೆಲಸ ಕಲಿತು ಹೋದರು, ಎಷ್ಟು ಜನ ಒಳಗೇ ತೀರಿಕೊಂಡರು. ಒಂದು ಹಾಳೆ ಸಾಕು, ವಲಯ ಕಚೇರಿಗಳ ನೋಟಿಸ್ ಬೋರ್ಡಿಗೆ ಅಂಟಿಸಿ. ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ಆಶ್ರಯ ಕೇಂದ್ರ ಇರಬೇಕು ಎಂದು ನಗರ ಜೀವನೋಪಾಯ ಯೋಜನೆಯ ನಿಯಮದಲ್ಲಿತ್ತು. 2011ರ ಜನಗಣತಿಯಲ್ಲೇ ಮೈಸೂರು ಒಂಬತ್ತು ಲಕ್ಷದ ಹತ್ತಿರ ಇತ್ತು. ಆ ಲೆಕ್ಕಕ್ಕೆ ಸುಮಾರು ಒಂಬೈನೂರು ಹಾಸಿಗೆ ಬೇಕು. ಈಗ ಎಷ್ಟಿವೆ, ಅದರಲ್ಲಿ ಹೆಂಗಸರಿಗೆ ಎಷ್ಟು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಸಿ.

ದಸರಾಕ್ಕೆ ಮುಂಚೆ ಊರು ಚೆನ್ನಾಗಿ ಕಾಣಬೇಕೆಂದು ಇವರನ್ನು ಬಾಚಿಕೊಂಡು ಹೋಗುವುದು ಬೇಡ. ಕೊಟ್ಟವರ ಮೇಲೆ ಕೇಸು ಹಾಕುವ ಆದೇಶ ಯಾರಾದರೂ ನಿಮ್ಮ ಮೇಜಿಗೆ ತಂದರೆ, ದಯವಿಟ್ಟು ಸಹಿ ಹಾಕಬೇಡಿ. ಮಕ್ಕಳನ್ನು ಮುಂದಿಟ್ಟುಕೊಂಡು ದುಡಿಯುವವರ ಮೇಲೆ ಹಾಕಿ, ಅದಕ್ಕೆ ಕಾಯ್ದೆ ಈಗಲೇ ಇದೆ.

ಮೊದಲ ಕ್ಯಾಂಪ್ ಅಗ್ರಹಾರದಲ್ಲಿ ಆಗುವುದಾದರೆ ದಿನ ತಿಳಿಸಿ. ನನ್ನ ಪ್ರಿಂಟರ್, ಸ್ಕ್ಯಾನರ್ ತಂದು ಮೇಜಿನ ಪಕ್ಕ ಕೂರುತ್ತೇನೆ. ಅರ್ಜಿ ಬರೆದುಕೊಡಲು ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೆಟ್ಟಿಲ ಮೇಲಿನವರನ್ನು ಕರೆತರುವ ಜವಾಬ್ದಾರಿ ನಮಗೆ ಬಿಡಿ, ಹೂವಿನ ಅಂಗಡಿಯಣ್ಣ ಕೂಡ ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಅಗ್ರಹಾರದ ಜೆರಾಕ್ಸ್ ಅಂಗಡಿಯವಳು
ಮೈಸೂರು